ತಿದ್ದುಪಡಿಯಲ್ಲಿ ತಪ್ಪು ಅಳತೆಯೂ ಇರಲಿ

ಆರೋಗ್ಯದ ಬರಹಗಳನ್ನು ಪ್ರಕಟಣೆಗೆ ಮುಂಚೆ ನೋಡಿ ತಿದ್ದುವುದು ನನ್ನ ಕೆಲಸ. ಪ್ರಕಟವಾದ ಮೇಲೆ ತಪ್ಪು ಸಿಕ್ಕರೆ ತಿದ್ದುಪಡಿ ಬರೆಯುವುದೂ ಅದರಲ್ಲೇ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಭೇದಿಯಾದಾಗ ಮನೆಯಲ್ಲೇ ಮಾಡಿ ಕುಡಿಸುವ ಸಕ್ಕರೆ-ಉಪ್ಪಿನ ನೀರಿನ ಬಗ್ಗೆ ಒಂದು ಬರಹ. ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಇದು ಸರಿಯಾದ ಅಳತೆ. ಬರಹದಲ್ಲಿ ‘ಒಂದು ಲೀಟರ್’ ಹೋಗಿ ‘ಒಂದು ಲೋಟ’ ಆಗಿಬಿಟ್ಟಿದೆ. ಲೋಟ 200 ಮಿಲಿ ಹಿಡಿದರೆ ಉಪ್ಪು ಐದು ಪಟ್ಟು ಜಾಸ್ತಿ. ಅಷ್ಟು ಉಪ್ಪು ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ಕೂಡ ತರಬಹುದು.

ಇಂಥ ಕಡೆ ಹಲವರು ಸುಮ್ನೆ ಆ ಪದವನ್ನು ಬದಲಿಸಿಬಿಡುತ್ತಾರೆ. ಆದರೆ ಬೆಳಗ್ಗೆ ಓದಿ ಚೀಟಿಯಲ್ಲಿ ಬರೆದಿಟ್ಟುಕೊಂಡವರಿಗೆ ಅದು ಗೊತ್ತಾಗುವುದು ಹೇಗೆ? ಇನ್ನು ಕೆಲವರು ‘ಬರಹವನ್ನು ಪರಿಷ್ಕರಿಸಲಾಗಿದೆ’ ಅಂತ ಕೊನೆಯಲ್ಲಿ ಸೇರಿಸುತ್ತಾರೆ. ಏನು ಬದಲಾಯಿತು ಅನ್ನುವುದೇ ಅದರಲ್ಲಿಲ್ಲ.

ನಾನಾದರೆ ಹೀಗೆ ಬರೆದು, ಬರಹದ ತಲೆಯ ಮೇಲೇ ಹಾಕುತ್ತೇನೆ:

“ತಿದ್ದುಪಡಿ, ಮಾರ್ಚ್ 12: ಅರ್ಧ ಟೀ ಚಮಚ ಉಪ್ಪನ್ನು ಒಂದು ಲೋಟ ನೀರಿಗೆ ಹಾಕಬೇಕೆಂದು ಈ ಬರಹದಲ್ಲಿ ಮಾರ್ಚ್ 10ರಿಂದ ಇತ್ತು. ಅದು ತಪ್ಪು. ಒಂದು ಲೀಟರ್ ನೀರಿಗೆ ಹಾಕಬೇಕು. ಹಳೆಯ ಅಳತೆಯಲ್ಲಿ ಮಾಡಿದ ನೀರಿದ್ದರೆ ಚೆಲ್ಲಿ. ಮಗುವಿಗೆ ಕುಡಿಸಿದ್ದರೆ ತಕ್ಷಣ ವೈದ್ಯರಿಗೆ ತೋರಿಸಿ, ಎಷ್ಟು ಕುಡಿಸಿದಿರಿ ಎಂದು ಹೇಳಿ. ತಪ್ಪಿಗೆ ಕ್ಷಮೆ ಕೇಳುತ್ತೇವೆ.”

ತಪ್ಪು ಅಳತೆಯನ್ನು ಮತ್ತೆ ಬರೆದರೆ ಅದೇ ಓದುಗರ ತಲೆಯಲ್ಲಿ ಉಳಿಯುತ್ತದೆ ಅನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಓದಿದ್ದನ್ನು ಮಾಡಿ ನೋಡುವ ವಿಷಯವಾದರೆ, ತಾನು ಮಾಡಿದ್ದು ಹಳೆಯ ಅಳತೆಯೋ ಹೊಸದೋ ಎಂದು ಓದುಗರು ಹೋಲಿಸಿ ನೋಡಬೇಕು, ಅಲ್ವಾ? ತಾರೀಕು ಹಾಕುವುದೂ ಅದಕ್ಕೇ. ಒಬ್ಬ ವ್ಯಕ್ತಿಯ ಮೇಲೆ ಬಂದ ಸುಳ್ಳು ಆರೋಪವಾದರೆ ಮಾತ್ರ ನಾನು ಅದನ್ನು ಪೂರ್ತಿ ಮತ್ತೆ ಬರೆಯುವುದಿಲ್ಲ. ಯಾವ ಮಾತು ತಪ್ಪು ಎಂದು ಗುರುತು ಸಿಕ್ಕುವಷ್ಟು ಹೇಳಿದರೆ ಸಾಕು.

ಕ್ಷಮೆ ಒಂದೇ ಸಾಲಿನಲ್ಲಿದೆ, ಅದೂ ಕೊನೆಗೆ. ‘ಓದುಗರಿಗೆ ಗೊಂದಲವಾಗಿದ್ದರೆ ವಿಷಾದಿಸುತ್ತೇವೆ’ ಅನ್ನುವ ಸಾಲು ನನಗೆ ಹಿಡಿಸುವುದೇ ಇಲ್ಲ. ಗೊಂದಲ ಓದುಗರದ್ದಲ್ಲ, ತಪ್ಪು ನಮ್ಮದು. ‘ಕಣ್ತಪ್ಪಿನಿಂದ’ ಅನ್ನುವುದನ್ನೂ ಹೊಡೆದುಹಾಕುತ್ತೇನೆ. ಯಾಕೆ ತಪ್ಪಾಯಿತು ಅನ್ನುವುದರಿಂದ ಮಗುವಿನ ತಾಯಿಗೆ ಏನೂ ಉಪಯೋಗವಿಲ್ಲ.

ಬರಹದ ಜೊತೆಗಿನ ಚಿತ್ರವನ್ನು ಮರೆಯುವವರೇ ಜಾಸ್ತಿ. ಅಳತೆ ಅದರಲ್ಲೂ ಇದ್ದರೆ ಚಿತ್ರ ಬೇರೆಯಾಗಿಯೇ ಓಡಾಡುತ್ತಿರುತ್ತದೆ, ಮೇಲಿನ ತಿದ್ದುಪಡಿ ಅದರ ಜೊತೆ ಹೋಗುವುದಿಲ್ಲ. ಹೊಸ ಚಿತ್ರ ಮಾಡಿಸಿ, ಅದರ ಮೇಲೇ ‘ತಿದ್ದಿದ ಅಳತೆ’ ಎಂದು ತಾರೀಕಿನ ಸಮೇತ ಬರೆಸಿ, ಹಳೆಯದು ಹೋದ ಕಡೆಗೆಲ್ಲ ಕಳಿಸಬೇಕು.