ಸಂವಿಧಾನದ 242ನೇ ವಿಧಿ ಮತ್ತು ನಮ್ಮ ಕೊಡಗು: ಗಣರಾಜ್ಯೋತ್ಸವದ ಟಿಪ್ಪಣಿ

ಈ ಸಲದ ಗಣರಾಜ್ಯೋತ್ಸವಕ್ಕೆ ಪ್ರಾಂಶುಪಾಲನಾಗಿ ನಾನು ವಿದ್ಯಾರ್ಥಿಗಳಿಗೆ ಕೊಟ್ಟ ಸಂದೇಶ ಚಿಕ್ಕದು: "ನಮ್ಮನ್ನು ಆಳುವವರು ನಮಗೆ ಉತ್ತರ ಕೊಡಬೇಕು. ಉತ್ತರ ಸರಿಬಾರದಿದ್ದರೆ ಅವರನ್ನು ಬದಲಿಸುವ ಅಧಿಕಾರ ನಮ್ಮದಾಗಿರಬೇಕು. ಪೀಠಿಕೆಯಲ್ಲಿರುವ ಪ್ರಜಾಸತ್ತೆ ಎಂಬ ಮೌಲ್ಯಕ್ಕೆ ಇದೇ ಪರೀಕ್ಷೆ." ಮಾತು ಸುಲಭವಾಗಿ ಕಂಡರೂ ಇದು 1950ರ ಜನವರಿ 26ರಂದು ಒಂದೇ ದಿನದಲ್ಲಿ ಕೈಗೂಡಿದ್ದಲ್ಲ. ಕೊಡಗಿನಲ್ಲಂತೂ ಖಂಡಿತ ಅಲ್ಲ. ಹೇಗೆಂದು ತಿಳಿಯಲು ನಮ್ಮ ಜಿಲ್ಲೆಯ ಇತಿಹಾಸಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ.

ಸಂವಿಧಾನದ ಪ್ರತಿಯಲ್ಲಿ 242ನೇ ವಿಧಿಯನ್ನು ತೆರೆದು ನೋಡಿ. ಅಲ್ಲಿ "ಕೊಡಗು" ಎಂಬ ಶೀರ್ಷಿಕೆಯಿದೆ. ಅದರ ಮುಂದೆ, 1956ರ ಏಳನೇ ತಿದ್ದುಪಡಿಯಿಂದ ನಿರಸನಗೊಂಡಿದೆ ಎಂಬ ಒಕ್ಕಣೆ ಮಾತ್ರ. ವಿಧಿ ಹೋಗಿದೆ, ಶೀರ್ಷಿಕೆ ಉಳಿದಿದೆ. ಇಷ್ಟು ಪುಟ್ಟ ನಾಡಿಗೆಂದೇ ಒಂದು ವಿಧಿ ಏಕೆ ಬೇಕಾಯಿತು, ಆರು ವರ್ಷಗಳಲ್ಲಿ ಅದು ಏಕೆ ಬೇಡವಾಯಿತು ಎಂಬುದೇ ಈ ಟಿಪ್ಪಣಿಯ ವಿಷಯ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಮುಂದೆ ಇದು ಚೀಫ್ ಕಮಿಷನರ್ ಆಳುವ ಪ್ರಾಂತ್ಯವಾಯಿತು. 1924ರಲ್ಲಿ ಕೊಡಗು ಶಾಸನ ಪರಿಷತ್ತು ಹುಟ್ಟಿಕೊಂಡಿತು. ಅದರಲ್ಲಿ ಚುನಾಯಿತ ಸದಸ್ಯರೇನೋ ಇದ್ದರು, ಆದರೆ ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ, ಕಂದಾಯದಂತಹ ಅರ್ಹತೆಯುಳ್ಳವರು ಮಾತ್ರ ಮತದಾರರು. ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಕೂಲಿಕಾರರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಪರಿಷತ್ತಿನಲ್ಲಿ ಎಷ್ಟೇ ಚರ್ಚೆ ನಡೆದರೂ ಕೊನೆಯ ತೀರ್ಮಾನ ಚೀಫ್ ಕಮಿಷನರ್ ಅವರದು. ಅವರನ್ನು ಮತ ಹಾಕಿ ಇಳಿಸುವಂತಿರಲಿಲ್ಲ.

ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದವರು ಸಿ. ಎಂ. ಪೂಣಚ್ಚ. ಸಂವಿಧಾನ ಜಾರಿಗೆ ಬಂದಾಗ ರಾಜ್ಯಗಳನ್ನು ಎ, ಬಿ, ಸಿ ಎಂಬ ಭಾಗಗಳಲ್ಲಿ ಪಟ್ಟಿಮಾಡಲಾಗಿತ್ತು. ದೆಹಲಿ, ಅಜ್ಮೀರ್, ಹಿಮಾಚಲ ಪ್ರದೇಶ, ಭೋಪಾಲ್ ಮುಂತಾದವುಗಳ ಸಾಲಿನಲ್ಲಿ ಕೊಡಗು "ಸಿ" ಭಾಗದಲ್ಲಿತ್ತು. ಈ ಭಾಗದ ರಾಜ್ಯಗಳನ್ನು ರಾಷ್ಟ್ರಪತಿಗಳು ಚೀಫ್ ಕಮಿಷನರ್ ಅಥವಾ ಲೆಫ್ಟಿನೆಂಟ್ ಗವರ್ನರ್ ಮೂಲಕ ಆಳಬೇಕೆಂದು 239ನೇ ವಿಧಿ ಹೇಳುತ್ತಿತ್ತು. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಕೊಡಗಿನ ಹಳೆಯ ಶಾಸನ ಪರಿಷತ್ತು ಇದ್ದ ಅಧಿಕಾರದೊಂದಿಗೆ ಇದ್ದಂತೆಯೇ ಮುಂದುವರಿಯಲಿ ಎಂದದ್ದು 242ನೇ ವಿಧಿ. ನಾಡಿನ ಆದಾಯ ಮತ್ತು ವೆಚ್ಚದ ಹಳೆಯ ವ್ಯವಸ್ಥೆಯನ್ನೂ ಅದು ಸದ್ಯಕ್ಕೆ ಹಾಗೆಯೇ ಉಳಿಸಿತು.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. "ಕೊಡಗು ಆಗ ಕೇಂದ್ರಾಡಳಿತ ಪ್ರದೇಶವಾಗಿತ್ತು" ಎಂದು ಬರೆದರೆ ತಪ್ಪು. ಕೇಂದ್ರಾಡಳಿತ ಪ್ರದೇಶ ಎಂಬ ವರ್ಗ ಸಂವಿಧಾನಕ್ಕೆ ಬಂದದ್ದೇ 1956ರ ತಿದ್ದುಪಡಿಯಿಂದ. ಆ ತಿದ್ದುಪಡಿ ಜಾರಿಗೆ ಬಂದ ದಿನವೇ ಕೊಡಗು ಮೈಸೂರಿನೊಂದಿಗೆ ಸೇರಿಹೋಯಿತು. "ಸಿ ಭಾಗದ ರಾಜ್ಯ" ಎಂದೇ ಬರೆಯಬೇಕು.

ಈಗ ಸಂದೇಶದ ಪರೀಕ್ಷೆಯನ್ನು ಒಂದು ಉದಾಹರಣೆಗೆ ಹಚ್ಚಿ ನೋಡೋಣ. ಗೋಣಿಕೊಪ್ಪದ ಆಚೆಯ ಒಂದು ಹಳ್ಳಿಯಲ್ಲಿ ಮಳೆಗಾಲಕ್ಕೆ ಮೋರಿ ಕೊಚ್ಚಿಹೋಗಿದೆ, ದುರಸ್ತಿ ಆಗಿಲ್ಲ ಎಂದು ಕಲ್ಪಿಸಿಕೊಳ್ಳಿ. 1950ರಲ್ಲಿ ಆ ಊರಿನವರು ಅರ್ಜಿ ಬರೆಯಬಹುದಿತ್ತು, ಪರಿಷತ್ತಿನ ಸದಸ್ಯರಿಂದ ಹೇಳಿಸಬಹುದಿತ್ತು. ಆದರೆ ಚೀಫ್ ಕಮಿಷನರ್ ಉತ್ತರ ಹೇಳಬೇಕಾದದ್ದು ದೆಹಲಿಗೆ, ಊರಿನವರಿಗಲ್ಲ. ದೇಶ ಗಣರಾಜ್ಯವಾಗಿತ್ತು, ಮೂಲಭೂತ ಹಕ್ಕುಗಳು ಕೊಡಗಿನವರಿಗೂ ದೊರೆತಿದ್ದವು; ಹೊಣೆಗಾರ ಸರ್ಕಾರ ಮಾತ್ರ ಮಡಿಕೇರಿಗೆ ಇನ್ನೂ ಬಂದಿರಲಿಲ್ಲ.

1951ರಲ್ಲಿ ಸಂಸತ್ತು ಸಿ ಭಾಗದ ರಾಜ್ಯಗಳ ಸರ್ಕಾರ ಕಾಯ್ದೆಯನ್ನು ಮಾಡಿತು. ಅದರಂತೆ ಕೊಡಗಿಗೆ 24 ಸದಸ್ಯರ ವಿಧಾನಸಭೆ ಬಂತು. 1952ರ ಚುನಾವಣೆ ವಯಸ್ಕ ಮತದಾನದ ಮೇಲೆ ನಡೆಯಿತು. 326ನೇ ವಿಧಿಯಂತೆ 21 ವರ್ಷ ತುಂಬಿದ ಗಂಡಸರು, ಹೆಂಗಸರು ಎಲ್ಲರೂ ಮತದಾರರಾದರು. ತೋಟದ ಮಾಲೀಕರಿಗೂ ಒಂದು ಮತ, ಅವರ ತೋಟದಲ್ಲಿ ಹಣ್ಣು ಕುಯ್ಯುವವರಿಗೂ ಒಂದು ಮತ. ಪೀಠಿಕೆಯ "ಸ್ಥಾನಮಾನ ಸಮಾನತೆ"ಗೆ ನಮ್ಮ ಜಿಲ್ಲೆಯಿಂದ ಒಂದೇ ಉದಾಹರಣೆ ಕೊಡಿ ಎಂದರೆ ನಾನು ಇದನ್ನೇ ಕೊಡುತ್ತೇನೆ. ಆ ಚುನಾವಣೆಯಲ್ಲಿ ಕಾಂಗ್ರೆಸ್ 15 ಸ್ಥಾನ ಪಡೆಯಿತು, ಪಕ್ಷೇತರರು 9. ಪೂಣಚ್ಚನವರು ಮುಖ್ಯಮಂತ್ರಿಯಾದರು.

ಕೊಚ್ಚಿಹೋದ ಮೋರಿಯ ಮಾತು ಈಗ ಬೇರೆಯಾಗುತ್ತದೆ. ಊರಿನ ಶಾಸಕರು ಸದನದಲ್ಲಿ ಎದ್ದು ಪ್ರಶ್ನೆ ಕೇಳಬಹುದು, ಮಂತ್ರಿ ಎಲ್ಲರೆದುರು ಉತ್ತರ ಹೇಳಬೇಕು, ಮುಂದಿನ ಚುನಾವಣೆಯಲ್ಲಿ ಇಬ್ಬರೂ ಜನರ ಮುಂದೆ ಬರಬೇಕು. ಆದರೂ ಇದು ಪೂರ್ಣ ಅಧಿಕಾರವಲ್ಲ ಎಂಬುದನ್ನು ಮರೆಯಬೇಡಿ. ಮಂತ್ರಿಮಂಡಲದ ಮೇಲೆ ಚೀಫ್ ಕಮಿಷನರ್ ಇದ್ದೇ ಇದ್ದರು. ಅವರಿಗೂ ಮಂತ್ರಿಗಳಿಗೂ ಭಿನ್ನಾಭಿಪ್ರಾಯ ಬಂದರೆ ವಿಷಯ ರಾಷ್ಟ್ರಪತಿಗಳ ಬಳಿಗೆ ಹೋಗುತ್ತಿತ್ತು. ಸದನ ಅಂಗೀಕರಿಸಿದ ಮಸೂದೆಗೂ ರಾಷ್ಟ್ರಪತಿಗಳ ಅಂಕಿತವೇ ಬೇಕಿತ್ತು. ಹಾಗಾಗಿ 1952ರಿಂದ 1956ರವರೆಗಿನ ಕೊಡಗನ್ನು "ಪೂರ್ಣ ರಾಜ್ಯ" ಎನ್ನುವುದೂ ಸರಿಯಲ್ಲ, "ಕೇವಲ ಅಧಿಕಾರಿಗಳ ಆಡಳಿತ" ಎನ್ನುವುದೂ ಸರಿಯಲ್ಲ.

ಮುಂದಿನ ಘಟ್ಟ ರಾಜ್ಯಗಳ ಪುನರ್ವಿಂಗಡಣೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಯಿತು. (ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಇಸವಿಗಳನ್ನು ಬೆರೆಸಬೇಡಿ.) ಎ, ಬಿ, ಸಿ ಎಂಬ ಭೇದ ಅಳಿಯಿತು, ಅದರೊಂದಿಗೆ 242ನೇ ವಿಧಿಯೂ ಹೋಯಿತು. ವಿಲೀನ ಬೇಕೆಂದವರೂ ಇದ್ದರು, ಕೊಡಗು ಪ್ರತ್ಯೇಕವಾಗಿಯೇ ಉಳಿಯಲೆಂದವರೂ ಇದ್ದರು. ಎರಡೂ ಕಡೆಯವರ ಅಳಲನ್ನು ಅರ್ಥಮಾಡಿಕೊಳ್ಳಬೇಕಾದರೆ ಪಡೆದದ್ದನ್ನೂ ಕಳೆದುಕೊಂಡದ್ದನ್ನೂ ಒಟ್ಟಿಗೆ ನೋಡಬೇಕು. ವಿಲೀನದಿಂದ ಕೊಡಗಿನವರಿಗೆ ಪೂರ್ಣ ಹೊಣೆಗಾರಿಕೆಯ ರಾಜ್ಯ ಸರ್ಕಾರ ಸಿಕ್ಕಿತು; ಮಸೂದೆಗೆಲ್ಲ ದೆಹಲಿಯ ಅಂಕಿತ ಕಾಯಬೇಕಾದ ಸ್ಥಿತಿ ತಪ್ಪಿತು. ಆದರೆ ಸ್ವಂತದ 24 ಸದಸ್ಯರ ಸದನ ಹೋಯಿತು. ಇಂದು 224 ಕ್ಷೇತ್ರಗಳ ವಿಧಾನಸಭೆಯಲ್ಲಿ ನಮ್ಮ ಜಿಲ್ಲೆಯವು ಮಡಿಕೇರಿ ಮತ್ತು ವಿರಾಜಪೇಟೆ, ಎರಡೇ. ಅಧಿಕಾರ ಹಿಗ್ಗಿತು, ದನಿಯ ಪಾಲು ಕುಗ್ಗಿತು. ಇದು ನನ್ನ ಅಭಿಪ್ರಾಯ. ಒಪ್ಪದವರು ಕಾರಣ ಕೊಟ್ಟು ಬರೆಯಿರಿ, ಅಂಕ ಕಡಿಮೆಯಾಗುವುದಿಲ್ಲ.

ಹಾಗಾದರೆ ಆ ಮೋರಿಯ ಬಗ್ಗೆ ಇಂದು ಯಾರನ್ನು ಕೇಳಬೇಕು? ಸಂವಿಧಾನದ ಪ್ರತಿಯಲ್ಲಿ ಕೊಡಗಿನ ಬರಿಯ ಶೀರ್ಷಿಕೆ ಮುಗಿದ ಕೂಡಲೇ ಒಂಬತ್ತನೇ ಭಾಗ, 243ನೇ ವಿಧಿ ಶುರುವಾಗುತ್ತದೆ. ಅದು ಪಂಚಾಯತಿಗಳದ್ದು. 73ನೇ ತಿದ್ದುಪಡಿಯ ಮೂಲಕ ಬಂದು 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅಲ್ಲಿ ಪಂಚಾಯತಿಯವರನ್ನು ನೇರವಾಗಿ, ಎದುರಿಗೇ ಪ್ರಶ್ನಿಸಬಹುದು. ನಿಮಗೆ ಇನ್ನೂ 18 ತುಂಬಿಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ: ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ನಿಮ್ಮ ಪಂಚಾಯತಿಯಲ್ಲಿ ಮುಂದಿನ ಮಕ್ಕಳ ಗ್ರಾಮಸಭೆ ಯಾವಾಗ ಎಂದು ಪಂಚಾಯತಿ ಕಚೇರಿಯಲ್ಲಿ ವಿಚಾರಿಸಿ, ನಿಮ್ಮ ಶಾಲೆಯ ದಾರಿಯ ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಿ. ಪಂಚಾಯತಿಯವರು ಕೊಟ್ಟ ಉತ್ತರವನ್ನು ಈ ಟಿಪ್ಪಣಿಯ ಕೆಳಗೆ ನಿಮ್ಮ ಕೈಬರಹದಲ್ಲೇ ಸೇರಿಸಿಕೊಳ್ಳಿ.