ಉಷ್ಣ ಮಾಲಿನ್ಯ: ಬಿಸಿ ನೀರಲ್ಲಿ ಮೀನಿಗೆ ಉಸಿರು ಸಾಲದೇ ಹೋಗುವುದು ಯಾಕೆ

ವಿದ್ಯುತ್ ಸ್ಥಾವರದಿಂದ ಹೊರಬರುವ ಕೂಲಿಂಗ್ ನೀರು ನೋಡೋಕೆ ತಿಳಿಯಾಗಿರುತ್ತದೆ. ಅದರಲ್ಲಿ ವಿಷ ಇರಬೇಕೆಂದೇನೂ ಇಲ್ಲ. ಆದರೂ ನದಿಗೆ ಬಿಟ್ಟ ಬಿಸಿಯಿಂದಲೇ ನೀರಿನ ಜೀವಿಗಳಿಗೆ ತೊಂದರೆ ಆದರೆ ಅದನ್ನೂ ಮಾಲಿನ್ಯ ಅಂತಲೇ ಕರೆಯುತ್ತೇವೆ. ಇದೇ ಉಷ್ಣ ಮಾಲಿನ್ಯ.

ಈ ಬಿಸಿ ಎಲ್ಲಿಂದ ಬರುತ್ತದೆ? ನಮ್ಮ ಕೈಗಾವನ್ನೇ ತೆಗೆದುಕೊಳ್ಳಿ. ಅಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ತಂಪು ಮಾಡಲು ಕಾಳಿ ನದಿಯ ಕದ್ರಾ ಜಲಾಶಯದ ನೀರು ಬರುತ್ತದೆ, ಬಿಸಿ ಹೊತ್ತುಕೊಂಡು ಅದೇ ಜಲಾಶಯಕ್ಕೆ ವಾಪಸ್ ಹೋಗುತ್ತದೆ. ರಿಯಾಕ್ಟರ್‌ನಲ್ಲಿ ಹುಟ್ಟುವ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಕರೆಂಟ್ ಆಗುತ್ತದೆ. ಉಳಿದದ್ದನ್ನು ಎಲ್ಲಾದರೂ ಬಿಡಲೇಬೇಕು. ಒಂದು ಘಟಕಕ್ಕೆ ಅದು ಸುಮಾರು 500 ಮೆಗಾವ್ಯಾಟ್ ಆಗುತ್ತದೆ, ಅಂದರೆ ನಾವು ಬಳಸುವ ಕರೆಂಟಿಗಿಂತ ಎರಡು ಪಟ್ಟು ಜಾಸ್ತಿ. ನೀರು 10 ಡಿಗ್ರಿ ಬಿಸಿಯಾಗಲಿ ಎಂದು ಲೆಕ್ಕ ಹಾಕಿದರೆ, ಇಷ್ಟು ಶಾಖ ಹೊರಲು ಸೆಕೆಂಡಿಗೆ ಸುಮಾರು 12,000 ಲೀಟರ್ ನೀರು ಬೇಕು. ಜಾಸ್ತಿ ನೀರು ಹರಿಸಿದರೆ ಡಿಗ್ರಿ ಕಡಿಮೆಯಾಗುತ್ತದೆ, ಆದರೆ ಒಟ್ಟು ಶಾಖ ಅಷ್ಟೇ ಇರುತ್ತದೆ.

ಈಗ ಆಮ್ಲಜನಕದ ವಿಷಯ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 28 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 7.8 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ, 38 ಡಿಗ್ರಿಯಲ್ಲಿ ಸುಮಾರು 6.6. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಂ ಇದೆ ಎಂದರೆ ಮೀನಿನ ಬದುಕು ಮೊದಲೇ ಎಷ್ಟು ಬಿಗಿಯಲ್ಲಿದೆ ಅಂತ ತಿಳಿಯುತ್ತದೆ, ಅಲ್ವಾ?

ಆದರೆ ಇಲ್ಲಿ ಒಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. 7.8ರಿಂದ 6.6ಕ್ಕೆ ಇಳಿದಷ್ಟಕ್ಕೇ ಮೀನು ಉಸಿರುಗಟ್ಟಿ ಸಾಯುವುದಿಲ್ಲ, 5ಕ್ಕಿಂತ ಮೇಲಿದ್ದರೆ ನಮ್ಮ ಕಡೆಯ ಹೆಚ್ಚಿನ ಮೀನುಗಳಿಗೆ ಸಾಕು. ನಿಜವಾದ ತೊಂದರೆ ಬೇಡಿಕೆಯಲ್ಲಿದೆ. ಮೀನಿನ ಮೈಬಿಸಿ ಸುತ್ತಲಿನ ನೀರಿನಷ್ಟೇ. ಹಾಗಾಗಿ ನೀರು 10 ಡಿಗ್ರಿ ಬಿಸಿಯಾದರೆ ಅದಕ್ಕೆ ಬೇಕಾದ ಆಮ್ಲಜನಕ ಸುಮಾರು ಎರಡು ಪಟ್ಟಾಗುತ್ತದೆ. ಸಿಗುವುದು ಶೇಕಡಾ 15ರಷ್ಟು ಕಮ್ಮಿ, ಬೇಕಾಗುವುದು ಎರಡರಷ್ಟು. ಅದೇ ಹೊತ್ತಿಗೆ ಕೊಳೆತ ಎಲೆ, ಚರಂಡಿ ನೀರು ತಿನ್ನುವ ಬ್ಯಾಕ್ಟೀರಿಯಾಗಳೂ ಬಿಸಿಗೆ ಚುರುಕಾಗಿ ಅದೇ ಆಮ್ಲಜನಕಕ್ಕೆ ಕೈ ಹಾಕುತ್ತವೆ. ಬಿಸಿ ನೀರು ಹಗುರವಾದ್ದರಿಂದ ಮೇಲೆ ತೇಲುತ್ತದೆ, ಅದು ಪದರವಾಗಿ ನಿಂತುಬಿಟ್ಟರೆ ಗಾಳಿಯಿಂದ ಕರಗಿದ ಆಮ್ಲಜನಕ ತಳದ ತಂಪು ನೀರಿಗೆ ಇಳಿಯುವುದೇ ಕಷ್ಟವಾಗುತ್ತದೆ. ಮೇಲೆ ಹೋದರೆ ಬಿಸಿ, ಕೆಳಗೆ ಹೋದರೆ ಉಸಿರಿಲ್ಲ. ಮೀನು ಈ ಎರಡರ ನಡುವೆ ಸಿಕ್ಕಿಬೀಳುತ್ತದೆ.

ಇದನ್ನು ಗುರುತಿಸುವುದು ಹೇಗೆ? ಮಧ್ಯಾಹ್ನ ದಡದಲ್ಲಿ ನಿಂತು ಮೇಲಿನ ನೀರಿಗೆ ಆಮ್ಲಜನಕ ಅಳೆಯುವ ಮೀಟರ್ ಇಳಿಸಿದರೆ ಎಲ್ಲ ಚೆನ್ನಾಗೇ ಕಾಣುತ್ತದೆ, ಯಾಕೆಂದರೆ ಆಗ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತಿರುತ್ತದೆ. ರಾತ್ರಿಯಿಡೀ ಅದೇ ಪಾಚಿ ಆಮ್ಲಜನಕ ಬಳಸುತ್ತದೆ, ಹಾಗಾಗಿ ಅತಿ ಕಡಿಮೆ ಸಿಗುವುದು ಬೆಳಗಿನ ಜಾವ. ಆ ಹೊತ್ತಿಗೆ ಹೋಗಬೇಕು, ನೀರು ಒಳಗೆ ಹೋಗುವ ಜಾಗ, ಹೊರಬರುವ ಜಾಗ ಎರಡರಲ್ಲೂ ಬೇರೆ ಬೇರೆ ಆಳದಲ್ಲಿ ಅಳೆಯಬೇಕು. ವರದಿಯಲ್ಲಿ ಸುಮ್ನೆ "ಶೇಕಡಾ 100 ಸ್ಯಾಚುರೇಶನ್" ಅಂತ ಬರೆದಿದ್ದರೆ ಮಿಲಿಗ್ರಾಂ ಎಷ್ಟು ಅಂತ ಕೇಳಿ. ಬಿಸಿ ನೀರು ತನ್ನಿಂದ ಸಾಧ್ಯವಾದಷ್ಟನ್ನೂ ಹಿಡಿದಿದ್ದರೂ ಆ ಪ್ರಮಾಣವೇ ಚಿಕ್ಕದು. ಮೀನನ್ನೂ ನೋಡಿ. ಕಿವಿರಿನ ಮುಚ್ಚಳ ಬೇಗ ಬೇಗ ಬಡಿಯುತ್ತಿದ್ದರೆ, ನಸುಕಿನಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಕೆಳಗೆ ಆಮ್ಲಜನಕ ಸಾಲುತ್ತಿಲ್ಲ ಎಂದೇ ತಿಳಿಯಿರಿ.

ಬಿಸಿ ತಟ್ಟನೆ ನಿಂತರೂ ಅಪಾಯವೇ. ಅಮೆರಿಕದ ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್ ಅಣು ಸ್ಥಾವರದ ಬಿಸಿ ನೀರಿಗೆ ಚಳಿಗಾಲದಲ್ಲಿ ಮೆನ್‌ಹೇಡನ್ ಮೀನುಗಳು ಬಂದು ಸೇರುತ್ತಿದ್ದವು. 1972ರ ಜನವರಿಯಲ್ಲಿ ರಿಯಾಕ್ಟರ್ ನಿಲ್ಲಿಸಿದಾಗ ನೀರು ಒಮ್ಮೆಲೇ ತಣ್ಣಗಾಗಿ ಅವು ರಾಶಿ ರಾಶಿ ಸತ್ತವು. ಅಲ್ಲಿ ಆಮ್ಲಜನಕದ ಕೊರತೆ ಕಾರಣವಲ್ಲ, ಚಳಿಯ ಹೊಡೆತ.

ನಮ್ಮ ದೇಶದಲ್ಲಿ 1999ರ ನಿಯಮದ ಪ್ರಕಾರ ನದಿ, ಕೆರೆ, ಜಲಾಶಯದ ನೀರು ಬಳಸುವ ಹೊಸ ಉಷ್ಣ ವಿದ್ಯುತ್ ಸ್ಥಾವರಗಳು ಕೂಲಿಂಗ್ ಟವರ್ ಹಾಕಲೇಬೇಕು. ಕೈಗಾದ 5 ಮತ್ತು 6ನೇ ಘಟಕಗಳಿಗೂ ಟವರ್‌ಗಳನ್ನೇ ಯೋಜಿಸಲಾಗಿದೆ. ಟವರ್ ಶಾಖವನ್ನು ನದಿಗೆ ಬಿಡದೆ ಗಾಳಿಗೆ ಬಿಡುತ್ತದೆ, ಮೀನಿಗೆ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಬೆಲೆ ಇದೆ: 500 ಮೆಗಾವ್ಯಾಟ್ ಶಾಖ ಕಳೆಯಲು ಸೆಕೆಂಡಿಗೆ ಸುಮಾರು 150ರಿಂದ 200 ಲೀಟರ್ ನೀರು ಆವಿಯಾಗಿ ಹೋಗುತ್ತದೆ, ಅದು ಜಲಾಶಯಕ್ಕೆ ವಾಪಸ್ ಬರುವುದಿಲ್ಲ.