ಫೋಟೋ ಒಳಗೆ ಹೋಗುವುದೇ ಇಲ್ಲ, ಹೋಗುವುದು 512 ಸಂಖ್ಯೆಗಳು

ಒಬ್ಬರ ಒಂದೇ ಒಂದು ಫೋಟೋ ಸಿಕ್ಕರೆ ಸಾಕು, ಇನ್ನೊಬ್ಬರ ವಿಡಿಯೋದಲ್ಲಿ ಅವರ ಮುಖ ಕೂರಿಸಿಬಿಡಬಹುದು. ಇದನ್ನು ನೋಡಿದ ಜಾಸ್ತಿ ಜನ ಅಂದುಕೊಳ್ಳುವುದು ಏನೆಂದರೆ, ಕಂಪ್ಯೂಟರ್ ಆ ಫೋಟೋದಿಂದ ಮುಖವನ್ನು ಕತ್ತರಿಸಿ, ಸ್ವಲ್ಪ ಎಳೆದು ತಿರುಗಿಸಿ, ಇನ್ನೊಬ್ಬರ ಮುಖದ ಮೇಲೆ ಅಂಟಿಸಿದೆ ಅಂತ. ಹಾಗಲ್ಲ. ಫೋಟೋದ ಒಂದು ಪಿಕ್ಸೆಲ್ ಕೂಡ ಹೊಸ ಮುಖಕ್ಕೆ ಹೋಗುವುದಿಲ್ಲ. ಹೋಗುವುದು 512 ಸಂಖ್ಯೆಗಳ ಒಂದು ಪಟ್ಟಿ, ಅಷ್ಟೇ. ಈ ಒಂದು ವಿಷಯ ಸರಿಯಾಗಿ ತಿಳಿದರೆ, ಇಂಥ ಎಐ ಮಾಡೆಲ್‌ಗಳು ಇಷ್ಟು ಸುಲಭವಾಗಿ ಕೆಲಸ ಮಾಡುವುದು ಯಾಕೆ, ಎಲ್ಲಿ ಎಡವುತ್ತವೆ, ಎರಡೂ ಅರ್ಥವಾಗುತ್ತದೆ.

2017ರಲ್ಲಿ ಬಂದ ಮೊದಲ ಡೀಪ್‌ಫೇಕ್‌ಗಳು ಬೇರೆ ಥರ ಇದ್ದವು. ಅಲ್ಲಿ ಮುಖವನ್ನು ಸಂಖ್ಯೆಗಳಾಗಿ ಮಾಡುವ ಎನ್‌ಕೋಡರ್ ಇಬ್ಬರಿಗೂ ಸೇರಿ ಒಂದೇ, ಆದರೆ ಆ ಸಂಖ್ಯೆಗಳಿಂದ ಮತ್ತೆ ಮುಖ ಬಿಡಿಸುವ ಡಿಕೋಡರ್ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರ ಮುಖ ಬೇಕಾದರೆ ಅವರ ನೂರಾರು, ಸಾವಿರಾರು ಚಿತ್ರಗಳನ್ನು ಕಲೆಹಾಕಿ ಅವರದೇ ಡಿಕೋಡರಿಗೆ ಗಂಟೆಗಟ್ಟಲೆ, ದಿನಗಟ್ಟಲೆ ತರಬೇತಿ ಕೊಡಬೇಕಿತ್ತು. ಅಂದರೆ ಆ ವ್ಯಕ್ತಿಯ ಗುರುತು ಮಾಡೆಲ್‌ನ ಒಳಗೇ ಬೆರೆತುಹೋಗಿರುತ್ತಿತ್ತು. ಹೊಸಬರು ಬಂದರೆ ಮತ್ತೆ ಮೊದಲಿನಿಂದ. ಒಂದೇ ಫೋಟೋ ಸಾಕು ಎನ್ನುವ ಮಾಡೆಲ್‌ಗಳು ಬದಲಿಸಿದ್ದು ಇದನ್ನೇ. ಗುರುತನ್ನು ಮಾಡೆಲ್ ಒಳಗಿಂದ ತೆಗೆದು, ಹೊರಗಿನಿಂದ ಕೊಡುವ ಇನ್‌ಪುಟ್ ಮಾಡಿದವು. ಮಾಡೆಲ್ ಒಂದೇ ಸಲ ತಯಾರಾಗುತ್ತದೆ, ಆಮೇಲೆ ಯಾರ ಗುರುತು ಬೇಕೋ ಅದನ್ನು ಕೊಟ್ಟರಾಯಿತು. 2020ರಲ್ಲಿ ಚೀನಾದ ಶಾಂಘೈ ಜಿಯಾವೋ ತೊಂಗ್ ವಿಶ್ವವಿದ್ಯಾಲಯ ಮತ್ತು ಟೆನ್ಸೆಂಟ್‌ನ ಸಂಶೋಧಕರು ಪ್ರಕಟಿಸಿದ ಸಿಮ್‌ಸ್ವಾಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನೇ ಹಿಡಿದು ನೋಡೋಣ.

ಒಂದು ಪಾಸ್‌ಪೋರ್ಟ್ ಫೋಟೋ ಇದೆ ಅಂದುಕೊಳ್ಳಿ. ಕನ್ನಡಕ ಹಾಕಿದ, ಹಣೆಗೆ ಕುಂಕುಮ ಇಟ್ಟ, ಎಡಗೆನ್ನೆಯ ಮೇಲೆ ಮಚ್ಚೆ ಇರುವ ಮಹಿಳೆ. ಬಾಯಿ ಮುಚ್ಚಿದ್ದಾರೆ. ಇದು ಸೋರ್ಸ್. ಇನ್ನೊಂದು ಕಡೆ ಬೇರೆ ಒಬ್ಬ ಮಹಿಳೆ ಸ್ವಲ್ಪ ಪಕ್ಕಕ್ಕೆ ತಿರುಗಿ ಹಲ್ಲು ಕಾಣುವ ಹಾಗೆ ನಗುತ್ತಿರುವ ವಿಡಿಯೋ ಇದೆ. ಇದು ಟಾರ್ಗೆಟ್.

ಮೊದಲ ಹೆಜ್ಜೆಯಲ್ಲಿ ಸೋರ್ಸ್ ಫೋಟೋದಲ್ಲಿ ಐದು ಗುರುತು ಹುಡುಕುತ್ತಾರೆ: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಮೂಲೆ. ಈ ಐದೂ ನಿಗದಿಯಾದ ಜಾಗಕ್ಕೆ ಬರುವ ಹಾಗೆ ಚಿತ್ರವನ್ನು ತಿರುಗಿಸಿ, ಹಿಗ್ಗಿಸಿ ಕುಗ್ಗಿಸಿ, 112×112 ಪಿಕ್ಸೆಲ್‌ನ ಒಂದು ಚೌಕ ಕತ್ತರಿಸುತ್ತಾರೆ. ಕೂದಲು, ಕಿವಿ, ತಲೆಯ ಆಕಾರ ಬಹುಮಟ್ಟಿಗೆ ಇಲ್ಲೇ ಹೊರಗೆ ಉಳಿಯುತ್ತವೆ. ಈ ಚೌಕವನ್ನು ಆರ್ಕ್‌ಫೇಸ್ ಎನ್ನುವ ಮುಖ ಗುರುತಿಸುವ ಮಾಡೆಲ್‌ಗೆ ಕೊಡುತ್ತಾರೆ. ಒಳಗೆ ಹೋಗುವುದು ಮೂರು ಬಣ್ಣ ಸೇರಿ 37,632 ಸಂಖ್ಯೆಗಳು. ಹೊರಗೆ ಬರುವುದು 512. ಮಾಮೂಲಿ ರೀತಿಯಲ್ಲಿ ಸೇವ್ ಮಾಡಿದರೆ ಬರೀ 2 ಕೆಬಿ. ಇದನ್ನೇ ಐಡೆಂಟಿಟಿ ಎಂಬೆಡಿಂಗ್ ಅನ್ನುತ್ತಾರೆ.

ಆ 512ರಲ್ಲಿ ಏನಿದೆ? ಮೂರನೆಯದು ಮೂಗಿನ ಉದ್ದ, ಹತ್ತನೆಯದು ಹುಬ್ಬಿನ ದಪ್ಪ ಅಂತ ಹೇಳಲು ಬರುವುದಿಲ್ಲ. ಆರ್ಕ್‌ಫೇಸ್ ಹೇಗೆ ಕಲಿತಿದೆ ಎನ್ನುವುದರಲ್ಲಿ ಇದಕ್ಕೆ ಉತ್ತರವಿದೆ. ಅದಕ್ಕೆ ಬಳಸಿದ ಒಂದು ದೊಡ್ಡ ಸಂಗ್ರಹದಲ್ಲಿ ಸುಮಾರು 85 ಸಾವಿರ ಜನರ 58 ಲಕ್ಷ ಫೋಟೋಗಳಿವೆ. ಪ್ರತಿ ಪಟ್ಟಿಯನ್ನೂ ಒಂದು ಬಾಣ ಅಂದುಕೊಂಡರೆ, ಒಬ್ಬರದೇ ಬೇರೆ ಬೇರೆ ಫೋಟೋಗಳ ಬಾಣಗಳು ಒಂದೇ ದಿಕ್ಕಿಗೆ ಇರಬೇಕು, ಬೇರೆಯವರ ಪಟ್ಟಿ ಅದರಿಂದ ದೂರ ಇರಬೇಕು, ತರಬೇತಿಯ ಗುರಿ ಇಷ್ಟೇ. ಎರಡು ಪಟ್ಟಿಗಳ ನಡುವಿನ ಕೋನ ಅಳೆದು ಒಬ್ಬರೋ ಇಬ್ಬರೋ ಅಂತ ತೀರ್ಮಾನಿಸುತ್ತದೆ. ಅದೇ ಮನುಷ್ಯ ಒಂದು ಫೋಟೋದಲ್ಲಿ ಕನ್ನಡಕ ಹಾಕಿರುತ್ತಾನೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಗಡ್ಡ, ಇನ್ನೊಂದರಲ್ಲಿ ನುಣ್ಣಗೆ. ಒಂದರಲ್ಲಿ ಬಿಸಿಲು, ಇನ್ನೊಂದರಲ್ಲಿ ಟ್ಯೂಬ್‌ಲೈಟ್. ಹಾಗಾಗಿ ಫೋಟೋದಿಂದ ಫೋಟೋಗೆ ಬದಲಾಗುವುದನ್ನೆಲ್ಲ ಮರೆಯುವುದನ್ನೇ ಅದು ಕಲಿತಿದೆ. ನಮ್ಮ ಪಾಸ್‌ಪೋರ್ಟ್ ಫೋಟೋದ ಕುಂಕುಮ, ಕನ್ನಡಕ ಬಹುಪಾಲು ಇಲ್ಲೇ ಸೋಸಿಹೋಗುತ್ತವೆ. ಮಚ್ಚೆ ಕೂಡ ಸಾಮಾನ್ಯವಾಗಿ ಉಳಿಯುವುದಿಲ್ಲ. ಅದು ನಿಜವಾಗಿ ಆಕೆಯ ಗುರುತೇ ಆಗಿದ್ದರೂ, ಪಾಸ್‌ಪೋರ್ಟ್ ಫಾರಂನಲ್ಲಿ ಬರೆಯುವಂಥ ಗುರುತೇ ಆಗಿದ್ದರೂ, 112 ಪಿಕ್ಸೆಲ್ ಚೌಕದಲ್ಲಿ ಅದು ಒಂದೆರಡು ಚುಕ್ಕಿ ಅಷ್ಟೇ.

ಇನ್ನು ಟಾರ್ಗೆಟ್ ಕಡೆ. ನಗುತ್ತಿರುವ ಮುಖದ ಒಂದು ಫ್ರೇಮ್ ಎನ್‌ಕೋಡರ್ ಒಳಗೆ ಹೋಗಿ ನೂರಾರು ಪದರಗಳಾಗುತ್ತದೆ. ಇವನ್ನು ಚಾನೆಲ್ ಅನ್ನುತ್ತಾರೆ. ಪ್ರತಿ ಚಾನೆಲ್ ಒಂದು ಚಿಕ್ಕ ನಕ್ಷೆ. ಮುಖದ ಯಾವ ಜಾಗದಲ್ಲಿ ಯಾವ ಲಕ್ಷಣ ಎಷ್ಟು ಜೋರಾಗಿದೆ ಅಂತ ಅದರಲ್ಲಿ ಇರುತ್ತದೆ. ತಲೆ ಎತ್ತ ತಿರುಗಿದೆ, ಬಾಯಿ ಎಷ್ಟು ತೆರೆದಿದೆ, ಬೆಳಕು ಎಲ್ಲಿಂದ ಬರುತ್ತಿದೆ, ಎಲ್ಲ ಅಲ್ಲಿದೆ. ಆದರೆ ಟಾರ್ಗೆಟ್‌ನ ಗುರುತೂ ಅದರಲ್ಲೇ ಬೆರೆತಿದೆ. ಅದನ್ನು ತೆಗೆದು ಸೋರ್ಸ್‌ನ ಗುರುತು ತುಂಬಬೇಕು. ಸಿಮ್‌ಸ್ವಾಪ್ ಇದಕ್ಕೆ ಸಾಲಾಗಿ 9 ಬ್ಲಾಕ್‌ಗಳನ್ನು ಇಟ್ಟಿದೆ. ಪ್ರತಿಯೊಂದರಲ್ಲೂ ನಡೆಯುವ ಮುಖ್ಯ ಲೆಕ್ಕ ಇದು:

```
y = s(z) * (x - mean(x)) / std(x) + b(z)
```

`x` ಅಂದರೆ ಟಾರ್ಗೆಟ್‌ನ ಒಂದು ಚಾನೆಲ್. `z` ಅಂದರೆ ಆ 512 ಸಂಖ್ಯೆಗಳು. ಮೊದಲು ಚಾನೆಲ್‌ನ ಸರಾಸರಿಯನ್ನು ಕಳೆದು, ಅದರ ಏರಿಳಿತದ ಪ್ರಮಾಣದಿಂದ ಭಾಗಿಸುತ್ತಾರೆ. ಇದರಿಂದ ಆ ಚಾನೆಲ್ ಒಟ್ಟಾರೆ ಎಷ್ಟು ಜೋರಾಗಿತ್ತು ಎನ್ನುವುದು ಅಳಿಸಿಹೋಗುತ್ತದೆ, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎನ್ನುವ ನಕ್ಷೆ ಮಾತ್ರ ಉಳಿಯುತ್ತದೆ. ಆಮೇಲೆ 512 ಸಂಖ್ಯೆಗಳಿಂದ ಲೆಕ್ಕ ಹಾಕಿದ `s` ಮತ್ತು `b` ಆ ಚಾನೆಲ್‌ಗೆ ಹೊಸ ಜೋರು ಕೊಡುತ್ತವೆ. ಆರ್ಕೆಸ್ಟ್ರಾದಲ್ಲಿ ಸೌಂಡ್ ಮಿಕ್ಸರ್ ಮುಂದೆ ಕೂತವನು ಎಲ್ಲ ನಾಬ್‌ಗಳನ್ನೂ ಮೊದಲು ಒಂದೇ ಮಟ್ಟಕ್ಕೆ ತಂದು, ಮತ್ತೆ ಒಂದೊಂದನ್ನೇ ಬೇರೆ ಅಳತೆಗೆ ತಿರುಗಿಸಿದ ಹಾಗೆ. ಹಾಡು ಅದೇ, ತಾಳ ಅದೇ, ಕೇಳಿಸುವ ಬಣ್ಣ ಬೇರೆ. 9 ಸಲ ಹೀಗೆ ಆದ ಮೇಲೆ ಡಿಕೋಡರ್ ಅದನ್ನು ಮತ್ತೆ ಚಿತ್ರ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. `s` ಮತ್ತು `b` ಒಂದು ಚಾನೆಲ್‌ಗೆ ಒಂದೊಂದೇ. ಮುಖದ ಎಲ್ಲ ಜಾಗಕ್ಕೂ ಅದೇ ಬೆಲೆ. ಅಂದರೆ "ಎಡಗೆನ್ನೆಯ ಈ ಜಾಗದಲ್ಲಿ ಒಂದು ಮಚ್ಚೆ ಇಡು" ಅಂತ ನೇರವಾಗಿ ಹೇಳುವ ದಾರಿಯೇ ಈ ಲೆಕ್ಕದಲ್ಲಿ ಇಲ್ಲ. ಜಾಗ ಯಾವುದು ಅಂತ ಹೇಳುವುದು ಟಾರ್ಗೆಟ್, ಹೇಗಿರಬೇಕು ಅಂತ ಹೇಳುವುದು ಸೋರ್ಸ್. ನಗುವಿನ ಹಲ್ಲುಗಳನ್ನೇ ನೋಡಿ. ಪಾಸ್‌ಪೋರ್ಟ್ ಫೋಟೋದಲ್ಲಿ ಬಾಯಿ ಮುಚ್ಚಿತ್ತು, ಹಾಗಾಗಿ ಆಕೆಯ ಹಲ್ಲು ಹೇಗಿವೆ ಅಂತ ಯಾರೂ ಮಾಡೆಲ್‌ಗೆ ಹೇಳಿಯೇ ಇಲ್ಲ. ಕಾಣುವ ಹಲ್ಲುಗಳು ಟಾರ್ಗೆಟ್‌ನವು, ಇಲ್ಲವೇ ಮಾಡೆಲ್ ಊಹಿಸಿ ತುಂಬಿದವು. ಆಕೆಯವು ಆಗಿರಲು ಸಾಧ್ಯವೇ ಇಲ್ಲ. ಹತ್ತಿರದವರು ವಿಡಿಯೋ ನೋಡಿದ ತಕ್ಷಣ "ಇದು ಅವರ ನಗು ಅಲ್ಲ" ಅನ್ನುವುದು ಸುಮ್ನೆ ಅಲ್ಲ.

ತರಬೇತಿಯಲ್ಲಿ ಇನ್ನೊಂದು ಕಷ್ಟ. ಸರಿಯಾದ ಉತ್ತರ ಅಂತ ಒಂದು ಚಿತ್ರವೇ ಇಲ್ಲ. ಈ ಮಹಿಳೆಯ ಮುಖ ಆ ಮಹಿಳೆಯ ತಲೆಯ ಮೇಲೆ ಇರುವ ನಿಜವಾದ ಫೋಟೋ ಜಗತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ, ಅಲ್ವಾ? ಹಾಗಾಗಿ ತಪ್ಪನ್ನು ಬೇರೆ ದಾರಿಯಿಂದ ಅಳೆಯುತ್ತಾರೆ. ಬಂದ ಮುಖವನ್ನು ಮತ್ತೆ ಆರ್ಕ್‌ಫೇಸ್‌ಗೆ ಕೊಟ್ಟು, ಸೋರ್ಸ್‌ನ ಪಟ್ಟಿಗೆ ಎಷ್ಟು ಹತ್ತಿರ ಇದೆ ಅಂತ ನೋಡುತ್ತಾರೆ. ಇದು ಗುರುತಿನ ಕಡೆಯ ಎಳೆತ. ಇನ್ನೊಂದು ಕಡೆ, ಫಲಿತಾಂಶ ಮತ್ತು ಟಾರ್ಗೆಟ್ ಎರಡರ ಒಟ್ಟು ರಚನೆ ಹೋಲಬೇಕು ಅಂತ ಎಳೆಯುತ್ತಾರೆ. ಇಲ್ಲಿ ಪಿಕ್ಸೆಲ್ ಮಟ್ಟದಲ್ಲಿ ಹೋಲಿಸಿದರೆ ಟಾರ್ಗೆಟ್‌ನ ಗುರುತೇ ವಾಪಸ್ ಬಂದುಬಿಡುತ್ತದೆ. ಅದಕ್ಕೇ ಸಿಮ್‌ಸ್ವಾಪ್‌ನವರು ಅಸಲಿ ನಕಲಿ ತೀರ್ಪು ಕೊಡುವ ಡಿಸ್ಕ್ರಿಮಿನೇಟರ್‌ನ ಕೊನೆಯ ಕೆಲವು ಪದರಗಳಲ್ಲಿ ಮಾತ್ರ ಹೋಲಿಸಿದರು. ಆ ಪದರಗಳಿಗೆ ಭಾವ, ಭಂಗಿ ಕಾಣುತ್ತದೆ, ಚರ್ಮದ ಸಣ್ಣ ವಿವರ ಕಾಣುವುದಿಲ್ಲ.

ಈ ಎರಡು ಎಳೆತಗಳ ಜಗ್ಗಾಟ ಅಂಕಿಗಳಲ್ಲೇ ಕಾಣುತ್ತದೆ. ಅವರು ತಮ್ಮ ಪ್ರಬಂಧದಲ್ಲಿ ಹಿಂದಿನ ವರ್ಷ ಬಂದ ಫೇಸ್‌ಶಿಫ್ಟರ್ ಎನ್ನುವ ಇಂಥದೇ ಮಾಡೆಲ್ ಜೊತೆ ಹೋಲಿಕೆ ಕೊಟ್ಟಿದ್ದಾರೆ. ಬದಲಾದ ಮುಖದಿಂದ ಸರಿಯಾದ ಸೋರ್ಸ್ ವ್ಯಕ್ತಿಯನ್ನು ಹುಡುಕಿದರೆ ಫೇಸ್‌ಶಿಫ್ಟರ್‌ಗೆ 97.38%, ಸಿಮ್‌ಸ್ವಾಪ್‌ಗೆ 92.83%. ಗುರುತಿನಲ್ಲಿ ಸಿಮ್‌ಸ್ವಾಪ್ ಹಿಂದೆ. ಆದರೆ ತಲೆಯ ಭಂಗಿಯ ತಪ್ಪು ಫೇಸ್‌ಶಿಫ್ಟರ್‌ಗೆ 2.96, ಸಿಮ್‌ಸ್ವಾಪ್‌ಗೆ 1.53. ಗುರುತನ್ನು ಜಾಸ್ತಿ ಒತ್ತಿದರೆ ಆರ್ಕ್‌ಫೇಸ್ ಪಟ್ಟಿಯಲ್ಲಿ ಅಳಿಸದೆ ಉಳಿದಿರುವ ಸೋರ್ಸ್‌ನ ಭಂಗಿ, ಬೆಳಕು ಕೂಡ ಜೊತೆಗೆ ಸೋರಿ ಬರುತ್ತವೆ.

ಆರ್ಕ್‌ಫೇಸ್ ಮೆಚ್ಚಿದ ಮಾತ್ರಕ್ಕೆ ನಮ್ಮ ಕಣ್ಣು ಮೆಚ್ಚಬೇಕು ಅಂತಲೂ ಇಲ್ಲ. ಇಂಥ ಗುರುತಿಸುವ ಮಾಡೆಲ್‌ಗಳ ತರಬೇತಿ ಫೋಟೋಗಳಲ್ಲಿ ಪಾಶ್ಚಾತ್ಯ ಸೆಲೆಬ್ರಿಟಿಗಳದೇ ದೊಡ್ಡ ಪಾಲು. ಬೇರೆ ಬೇರೆ ಜನಾಂಗದ ಮುಖಗಳ ಮೇಲೆ ಪರೀಕ್ಷಿಸಿದಾಗ ಭಾರತೀಯ, ಆಫ್ರಿಕನ್, ಪೂರ್ವ ಏಷ್ಯಾದ ಮುಖಗಳಲ್ಲಿ ತಪ್ಪು ಹೆಚ್ಚು ಬಂದಿದೆ. ಗುರುತಿಸುವ ಮಾಡೆಲ್‌ಗೇ ಕಾಣದ ವ್ಯತ್ಯಾಸ ಹೊಸ ಮುಖಕ್ಕೆ ಬರುವುದಾದರೂ ಎಲ್ಲಿಂದ?

ವಿಡಿಯೋದಲ್ಲಿ ಸೋರ್ಸ್‌ನ ಪಟ್ಟಿಯನ್ನು ಒಂದೇ ಸಲ ಲೆಕ್ಕ ಹಾಕುತ್ತಾರೆ. ಟಾರ್ಗೆಟ್ ಕೆಲಸ ಮಾತ್ರ ಪ್ರತಿ ಫ್ರೇಮಿಗೂ ಮತ್ತೆ ಮತ್ತೆ: ಮುಖ ಹುಡುಕು, ಐದು ಗುರುತು ಹಿಡಿ, ಕತ್ತರಿಸು, ಬದಲಿಸು, ಅಂಚು ಮಬ್ಬು ಮಾಡಿ ವಾಪಸ್ ಅಂಟಿಸು. ಯಾವುದಾದರೂ ಫ್ರೇಮಿನಲ್ಲಿ ಮುಖ ಸಿಗದಿದ್ದರೆ ಅಲ್ಲಿ ಅಸಲಿ ಮುಖವೇ ಉಳಿಯುತ್ತದೆ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಮಹಿಳೆಯ ವಿಡಿಯೋಗೆ ಕೂರಿಸಿ ಹರಿಬಿಟ್ಟಿದ್ದು ನೆನಪಿರಬಹುದು. ಇಬ್ಬರು ಹೆಣ್ಣುಮಕ್ಕಳಿಗೂ ಆದ ಅನ್ಯಾಯ ಅದು. ಆ ಮಹಿಳೆ ಲಿಫ್ಟ್ ಒಳಗೆ ಬರುವ ಮೊದಲ ಕ್ಷಣದಲ್ಲಿ ಅವರ ಸ್ವಂತ ಮುಖ ಕಾಣಿಸಿ, ಆಮೇಲೆ ಬದಲಾಗುತ್ತದೆ. ಅದನ್ನು ಗಮನಿಸಿದವರು ಆಗಲೇ ಎತ್ತಿ ತೋರಿಸಿದ್ದರು. ಫ್ರೇಮ್ ಫ್ರೇಮಾಗಿ ಮುಖ ಹುಡುಕುವ ಯಾವ ವಿಧಾನದಲ್ಲೂ ಇಂಥ ಜಾರುವಿಕೆ ಆಗಬಹುದು.

ಹಾಗಾಗಿ ಅನುಮಾನ ಬಂದರೆ ವಿಡಿಯೋವನ್ನು ನಿಧಾನ ಮಾಡಿ, ಮುಖ ಪೂರ್ತಿ ಪಕ್ಕಕ್ಕೆ ತಿರುಗುವ ಕಡೆ ನಿಲ್ಲಿಸಿ. ಅಲ್ಲಿ ಒಂದು ಕಣ್ಣು, ಬಾಯಿಯ ಒಂದು ಮೂಲೆ ಮರೆಯಾಗಿ ಐದು ಗುರುತುಗಳ ಲೆಕ್ಕ ತಪ್ಪುತ್ತದೆ. ಮುಖದ ಮುಂದೆ ಕೈ ಹಾದುಹೋಗುವ ಫ್ರೇಮ್‌ಗಳಲ್ಲಿ ಬೆರಳುಗಳ ಅಂಚು ನೋಡಿ. ಕೂದಲು, ಕುತ್ತಿಗೆ ಎಷ್ಟು ಚುರುಕಾಗಿವೆ, ಮುಖ ಎಷ್ಟು ಚುರುಕಾಗಿದೆ ಅಂತ ಹೋಲಿಸಿ. ಜನ ತುಂಬಾ ಬಳಸಿದ `inswapper_128.onnx` ಎನ್ನುವ ಮುಖ ಬದಲಿಸುವ ಮಾಡೆಲ್ ಮುಖವನ್ನು ಬರೀ 128×128 ಪಿಕ್ಸೆಲ್‌ನಲ್ಲಿ ಮಾಡುತ್ತದೆ, ಉಳಿದದ್ದು ಬೇರೆ ಸಾಫ್ಟ್‌ವೇರ್ ತಿದ್ದಿ ತೀಡಿ ಕೂಡಿಸಿದ್ದು. ದವಡೆ ಮತ್ತು ಮುಖದ ಹೊರಗೆರೆ ಟಾರ್ಗೆಟ್‌ನದೇ ಉಳಿಯುವುದೂ ಒಂದು ಸುಳಿವೇ. ಆದರೆ 2021ರ ಹೈಫೈಫೇಸ್ ಎನ್ನುವ ಮಾಡೆಲ್ ಆ 512 ಸಂಖ್ಯೆಗಳ ಜೊತೆಗೆ ಸೋರ್ಸ್ ಮುಖದ 3ಡಿ ಆಕಾರವನ್ನೂ ಲೆಕ್ಕ ಹಾಕಿ ಕೊಟ್ಟು ದವಡೆಯನ್ನೂ ಬದಲಿಸಿತು. ಹಾಗಾಗಿ ದವಡೆ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಪರಿಚಯದವರ ಮುಖವಾದರೆ ಮಚ್ಚೆ, ಗಾಯದ ಕಲೆ, ನಕ್ಕಾಗ ಕಾಣುವ ಹಲ್ಲಿನ ಸಾಲು, ಇವನ್ನು ಮೊದಲು ನೋಡಿ.